ನವಿರು ಕೂದಲು: ನೆತ್ತಿಯ ಬುಡ ಎತ್ತೋಕೆ ಗಾಳಿ ಯಾವ ಕಡೆಯಿಂದ ಬರಬೇಕು?

ಸೌಮ್ಯ, ರಾಜಾಜಿನಗರ: ನನ್ನದು ತುಂಬ ನವಿರು ಕೂದಲು, ಭುಜದವರೆಗಿದೆ, ನೆತ್ತಿಯ ಹತ್ತಿರ ಲೇಯರ್ ಕಟ್. ತಲೆಸ್ನಾನ ಆದಮೇಲೆ ಟವೆಲ್ ಸುತ್ತಿಕೊಂಡು ತಿಂಡಿ, ಡಬ್ಬಿ ಎಲ್ಲ ಮುಗಿಸಿ, ಆಮೇಲೆ 53 ಎಂಎಂ ರೌಂಡ್ ಬ್ರಷ್‌ನಲ್ಲಿ ಬ್ಲೋ ಡ್ರೈ ಮಾಡ್ತೀನಿ. ತುದಿ ಚೆನ್ನಾಗಿ ಒಳಕ್ಕೆ ತಿರುಗುತ್ತೆ. ನೆತ್ತಿ ಮಾತ್ರ ಮೆಟ್ರೋ ಹತ್ತೋ ಹೊತ್ತಿಗೆ ಅಂಟಿಕೊಂಡಿರುತ್ತೆ. ಬೈತಲೆ ಯಾವಾಗಲೂ ನಡುವೆ. ಎಲ್ಲಿ ತಪ್ಪಾಗ್ತಿದೆ?

ಪಲ್ಲವಿ, ವಿಜಯನಗರ: ತಲೆ ಬಗ್ಗಿಸಿ ಕೂದಲನ್ನೆಲ್ಲ ಮುಂದಕ್ಕೆ ಇಳಿಬಿಟ್ಟು ಪೂರ್ತಿ ಒಣಗಿಸಿಬಿಡಿ ಸೌಮ್ಯ. ಬ್ರಷ್ಷೇ ಬೇಡ, ಬುಡ ತಾನಾಗೇ ಏಳುತ್ತೆ.

ರೇಖಾ, ಹೇರ್ ಸ್ಟೈಲಿಸ್ಟ್, ಮಲ್ಲೇಶ್ವರಂ: ಸೌಮ್ಯ ಅವರೇ, ಡ್ರೈಯರ್ ಕೈಗೆ ತಗೊಳ್ಳೋ ಮೊದಲೇ ಅರ್ಧ ಕೆಲಸ ಕೆಟ್ಟಿರುತ್ತೆ, ಕಾರಣ ಆ ಟವೆಲ್. ಒದ್ದೆ ಕೂದಲು ಯಾವ ಭಂಗಿಯಲ್ಲಿ ಒಣಗುತ್ತೋ ಅದೇ ಭಂಗಿಯಲ್ಲಿ ನಿಲ್ಲುತ್ತೆ. ನವಿರು ಎಳೆ ಬೇಗ ಒಣಗುತ್ತೆ, ಅದರಲ್ಲೂ ಬುಡದಲ್ಲಿ ತಲೆಯ ಬಿಸಿ ಬೇರೆ ಇರುತ್ತೆ. ತಿಂಡಿ ಮುಗಿಯೋಷ್ಟರಲ್ಲಿ ಬುಡ ಒತ್ತಿಕೊಂಡೇ ಒಣಗಿರುತ್ತೆ, ತುದಿ ಇನ್ನೂ ಒದ್ದೆ ಇರುತ್ತೆ. ಅದಕ್ಕೇ ನಿಮಗೆ ತುದಿ ಮಾತು ಕೇಳುತ್ತೆ, ನೆತ್ತಿ ಕೇಳಲ್ಲ. ಟವೆಲ್‌ನಿಂದ ನೀರು ಒತ್ತಿ ತೆಗೆದು ತಕ್ಷಣ ಶುರು ಮಾಡಿ. ತಡವಾದರೆ ಸ್ಪ್ರೇ ಬಾಟಲಿಯಿಂದ ಬುಡವನ್ನು ಮತ್ತೆ ಒದ್ದೆ ಮಾಡಿಕೊಳ್ಳಿ. ಒಣಗಿದ ಬುಡದ ಮೇಲೆ ಬ್ರಷ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.

ಮೊದಲು ನಾಝಲ್ ತೆಗೆದು, ಬೈತಲೆ ತೆಗೆಯದೆ, ಮಧ್ಯಮ ಬಿಸಿಯಲ್ಲಿ ಬೆರಳಿನಿಂದಲೇ ಒಣಗಿಸಿ. ಬುಡವನ್ನು ಬೆರಳಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಮುಂದಕ್ಕೆ ತಳ್ಳುತ್ತಾ ಇರಿ. ದಿನಾ ಒಂದೇ ಕಡೆ ಬೀಳುವ ಬುಡ ಇದರಿಂದ ಸಡಿಲವಾಗುತ್ತೆ. ನೀರು ತೊಟ್ಟಿಕ್ಕೋದು ನಿಂತು, ಬುಡ ಮುಟ್ಟಿದರೆ ತಣ್ಣಗೆ, ತೇವವಾಗಿ ಇರಬೇಕು. ಅಲ್ಲಿಗೆ ನಿಲ್ಲಿಸಿ ನಾಝಲ್ ಹಾಕಿ.

ಪಾರ್ಲರ್‌ನಲ್ಲಿ ಸಾಮಾನ್ಯವಾಗಿ ಕತ್ತಿನ ಹಿಂದಿನಿಂದ ಶುರು ಮಾಡ್ತಾರೆ. ನೀವು ನೆತ್ತಿಯಿಂದ ಶುರು ಮಾಡಿ, ಉಳಿದದ್ದನ್ನು ಕ್ಲಿಪ್ ಹಾಕಿಡಿ. ಹಿಂದೆ ಮುಗಿಸಿ ಮೇಲೆ ಬರೋವಷ್ಟರಲ್ಲಿ ನವಿರು ಕೂದಲಿನ ನೆತ್ತಿ ಒಣಗಿಬಿಟ್ಟಿರುತ್ತೆ.

ಈಗ ಬ್ರಷ್. ಲೇಯರ್ ಇರೋದರಿಂದ ನಿಮ್ಮ ನೆತ್ತಿಯ ಕೂದಲು ಒಂದು ಗೇಣು ಇರಬಹುದು. 53 ಎಂಎಂ ಬ್ರಷ್‌ನ ಸುತ್ತಳತೆಯೇ ಸುಮಾರು 17 ಸೆಂಟಿಮೀಟರ್. ಅಂದರೆ ಒಂದು ಸುತ್ತಿಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಹಿಡಿತ ಸಿಗೋ ಮೊದಲೇ ಜಾರುತ್ತೆ. ನೆತ್ತಿಗೆ 32ರಿಂದ 35 ಎಂಎಂ ತಗೊಳ್ಳಿ, ಎರಡು ಸುತ್ತು ಬರುತ್ತೆ, ಬುಡದ ಹತ್ತಿರಕ್ಕೂ ಹೋಗುತ್ತೆ. ತುದಿಗೆ ನಿಮ್ಮ ದೊಡ್ಡ ಬ್ರಷ್ಷೇ ಸಾಕು.

ಬ್ರಷ್‌ನ ಅಗಲಕ್ಕಿಂತ ಕಡಿಮೆ ಅಗಲದ, ಸುಮಾರು 3 ಸೆಂಟಿಮೀಟರ್ ದಪ್ಪದ ಒಂದು ಭಾಗ ತಗೊಳ್ಳಿ. ಮೊದಲ ಸಲ, ಬ್ರಷ್ಷನ್ನು ಆ ಭಾಗದ ಮುಂದೆ ಬುಡಕ್ಕೆ ಇಟ್ಟು ಕೂದಲನ್ನು ಹಣೆಯ ಕಡೆಗೆ ಎಳೆದು ಹಿಡಿಯಿರಿ. ನಾಝಲ್ ಹಿಂದಿನಿಂದ ಬುಡಕ್ಕೆ ಬರಲಿ. ಕೂದಲು ಹಿಂದಕ್ಕೆ ಬೀಳುತ್ತೆ, ಗಾಳಿ ಅದನ್ನು ಮುಂದಕ್ಕೆ ಒಣಗಿಸುತ್ತೆ, ಎತ್ತರ ಬರೋದೇ ಇದರಿಂದ. ಎರಡನೇ ಸಲ, ಅದೇ ಭಾಗವನ್ನು ನೇರ ಮೇಲಕ್ಕೆತ್ತಿ ಬ್ರಷ್ಷನ್ನು ಹಿಂಬದಿಯಿಂದ ಕೊಟ್ಟು ತುದಿಯಿಂದ ಬುಡದವರೆಗೆ ಸುತ್ತಿ ತನ್ನಿ. ಈಗ ಗಾಳಿ ಬುಡದಿಂದ ತುದಿಯ ಕಡೆಗೆ ಹೋಗಬೇಕು, ಹೊಳಪು ಬರೋದು ಆಗ. ನೆತ್ತಿಯ ಮೇಲಿಂದ ನೇರವಾಗಿ ಕೆಳಕ್ಕೆ ಗಾಳಿ ಬಿಟ್ಟರೆ ಮಾತ್ರ ಎತ್ತಿದ ಬುಡವನ್ನು ನೀವೇ ಮತ್ತೆ ಮಲಗಿಸಿದ ಹಾಗಾಗುತ್ತೆ. ಡ್ರೈಯರ್ ಒಂದು ಗೇಣು ದೂರದಲ್ಲಿರಲಿ, ಒಂದೇ ಕಡೆ ನಿಲ್ಲಬಾರದು.

ಒಣಗಿತು ಅಂತ ಬ್ರಷ್ ಎಳೆದುಬಿಡಬೇಡಿ. ಕೂಲ್ ಶಾಟ್ ಒತ್ತಿ 10–15 ಸೆಕೆಂಡ್ ಇಟ್ಟು, ಬುಡ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೂ ಗಟ್ಟಿಯಾಗಿಲ್ಲ, ಬಿಟ್ಟ ಕೂಡಲೇ ಕೂತುಬಿಡುತ್ತೆ. ತಣ್ಣಗಾದ ಮೇಲೆ ಸುತ್ತು ಬಿಚ್ಚುತ್ತಾ ತೆಗೆಯಿರಿ, ಎಳೆಯಬೇಡಿ.

ಬೈತಲೆಯ ಎರಡೂ ಕಡೆ ಇದೇ ತತ್ವ. ಎಡಗಡೆ ಬೀಳುವ ಕೂದಲನ್ನು ಬಲಕ್ಕೆ ಎಳೆದು ಒಣಗಿಸಿ, ಬಲದ್ದನ್ನು ಎಡಕ್ಕೆ. ಎಲ್ಲ ತಣ್ಣಗಾದ ಮೇಲೆ ಬೈತಲೆ ತೆಗೆಯಿರಿ, ನಡುವಿನಿಂದ ಒಂದು ಬೆರಳಿನಷ್ಟು ಪಕ್ಕಕ್ಕೆ ತೆಗೆದರೆ ಇನ್ನೂ ಒಳ್ಳೆಯದು.

ಪಲ್ಲವಿ, ನೀವು ಹೇಳಿದ್ದರಲ್ಲಿ ಗಾಳಿಯ ದಿಕ್ಕು ಸರಿ, ಅದಕ್ಕೇ ಬುಡ ಏಳುತ್ತೆ. ಆದರೆ ಪೂರ್ತಿ ಹಾಗೇ ಒಣಗಿಸಿದರೆ ಕತ್ತಿನ ಹತ್ತಿರದ ಕೂದಲೂ ಉಬ್ಬುತ್ತೆ, ನವಿರು ಎಳೆ ಸಿಕ್ಕಾಗುತ್ತೆ. ಬೆರಳಿನಿಂದ ಒಣಗಿಸೋ ಮೊದಲ ಹಂತಕ್ಕೆ ಮಾತ್ರ ಇಟ್ಟುಕೊಳ್ಳಿ.

ಪಲ್ಲವಿ: ಸಿಕ್ಕು ಆಗೋದು ನಿಜ. ನಾಝಲ್ ಇಲ್ಲದೆ ಮಾಡಿದರೆ ನಡೆಯಲ್ವಾ? ಎಲ್ಲೋ ಕಳೆದಿದೆ.

ರೇಖಾ: ಮೊದಲ ಹಂತಕ್ಕೆ ನಡೆಯುತ್ತೆ. ಬ್ರಷ್ ಹಂತಕ್ಕೆ ಬೇಕು. ಇಲ್ಲದಿದ್ದರೆ ಗಾಳಿ ಹರಡಿ ಪಕ್ಕದ ಒದ್ದೆ ಭಾಗವೂ ಹೇಗೆ ಬಿದ್ದಿದೆಯೋ ಹಾಗೇ ಒಣಗುತ್ತೆ.

ಶೈಲಜಾ, ಯಲಹಂಕ: ಮೇಡಂ, ನನ್ನ ಕೂದಲು ದಪ್ಪ, ಅಲೆ ಅಲೆ. ಮಳೆ ಬಂದರೆ ತಲೆ ಪೂರ್ತಿ ಊದಿಕೊಳ್ಳುತ್ತೆ. ಇದೇ ರೀತಿ ಮಾಡಿದರೆ ಕೂರುತ್ತಾ?

ರೇಖಾ: ಇಲ್ಲ ಶೈಲಜಾ ಅವರೇ, ಇದು ಎತ್ತೋ ವಿಧಾನ. ನಿಮಗೆ ಬುಡದಿಂದಲೇ ಗಾಳಿ ಕೆಳಮುಖವಾಗಿ, ಕೂದಲು ಬೀಳುವ ಕಡೆಗೇ ಹೋಗಬೇಕು. ಬೇರೆ ಪ್ರಶ್ನೆಯಾಗಿ ಹಾಕಿ, ಅಲ್ಲಿ ಬಿಡಿಸಿ ಬರೀತೀನಿ.

ಸೌಮ್ಯ: ಇವತ್ತು ಹೇಳಿದ ಹಾಗೇ ಮಾಡಿದೆ. ಎದ್ದಿದೆ! ಆದರೆ ಒಂದು ಕಡೆ ಬುಡದಲ್ಲಿ ಮಡಿಕೆ ಬಿದ್ದ ಹಾಗೆ ಗೆರೆ ಕಾಣ್ತಿದೆ. ಮೂಸ್ ಹಾಕಬಹುದಾ?

ರೇಖಾ: ಆ ಗೆರೆ ಬ್ರಷ್ಷನ್ನು ಬುಡದಲ್ಲಿ ಅಲುಗಾಡಿಸದೆ ಒತ್ತಿ ಹಿಡಿದಿದ್ದರಿಂದ. ಅಲ್ಲಿ ಸ್ವಲ್ಪ ಒದ್ದೆ ಮಾಡಿ, ಬ್ರಷ್ಷನ್ನು ನಿಧಾನವಾಗಿ ತಿರುಗಿಸುತ್ತಾ ಒಣಗಿಸಿದರೆ ಹೋಗುತ್ತೆ. ಮೂಸ್ ಹಾಕಬಹುದು, ಒಂದು ನಿಂಬೆಹಣ್ಣಿನಷ್ಟು, ಒದ್ದೆ ಬುಡಕ್ಕೆ ಮಾತ್ರ. ಹೆಚ್ಚಾದರೆ ಆ ಭಾರಕ್ಕೇ ಕೂದಲು ಕೂರುತ್ತೆ. ಕಂಡಿಷನರ್ ಕಿವಿಯಿಂದ ಕೆಳಗೆ ಮಾತ್ರ. ಎಣ್ಣೆ ಹಚ್ಚಿದ ಮರುದಿನ ಶಾಂಪೂ ಹಾಕಿದಾಗ ಜಿಡ್ಡು ಸರಿಯಾಗಿ ಹೋಗದಿದ್ದರೂ ಹೀಗೇ ಆಗುತ್ತೆ.

ಮಮತಾ, ಬಸವನಗುಡಿ: ಬ್ರಷ್‌ಗಿಂತ ವೆಲ್ಕ್ರೋ ರೋಲರ್ ಮೇಲು ಅಂತ ನನ್ನ ಅಭಿಪ್ರಾಯ. ಬಿಸಿ ಇರುವಾಗಲೇ ನೆತ್ತಿಗೆ ಮೂರು ಹಾಕಿ, ಸೀರೆ ಉಟ್ಟು ಮುಗಿಯೋವರೆಗೆ ಬಿಟ್ಟರೆ ಸಂಜೆವರೆಗೂ ನಿಲ್ಲುತ್ತೆ. ಕೈಯೂ ನೋಯಲ್ಲ.

ರೇಖಾ: ನಿಲ್ಲೋದು ಹೌದು ಮಮತಾ, ಪೂರ್ತಿ ತಣ್ಣಗಾಗೋವರೆಗೆ ಇರುತ್ತಲ್ಲ. ಆದರೆ ತುಂಬ ನವಿರು ಕೂದಲಿಗೆ ತೆಗೆಯುವಾಗ ಕೊಕ್ಕೆಗಳು ಎಳೆ ಕೀಳುತ್ತವೆ. ದಿನಾ ನಾನು ಹೇಳಲ್ಲ, ಮದುವೆ ಮನೆಗೆ ಹೋಗುವಾಗ ಸರಿ.

ಮಮತಾ: ದೊಡ್ಡ ರೋಲರ್ ತಗೊಂಡು ನಿಧಾನವಾಗಿ ಬಿಚ್ಚಿದರೆ ಕೀಳಲ್ಲ. ನಾನು ದಿನಾನೂ ಪರವಾಗಿಲ್ಲ ಅಂತೀನಿ.

ಸೌಮ್ಯ: ಕೊನೆಯದು ಒಂದು. ಮೆಟ್ರೋ ಸ್ಟೇಷನ್‌ವರೆಗೆ ಸ್ಕೂಟಿ, ಹೆಲ್ಮೆಟ್. ಅದಕ್ಕೇನಾದರೂ?

ರೇಖಾ: ಹೆಲ್ಮೆಟ್ ಒಳಗೆ ಬೆವರಿನ ತೇವ, ಬಿಸಿ, ಒತ್ತಡ ಮೂರೂ ಸೇರುತ್ತವೆ. ಎತ್ತಿದ ಬುಡ ಅಷ್ಟೂ ಉಳಿಯಲ್ಲ. ಬೈತಲೆಯನ್ನು ಬೇಕಾದ ಕಡೆಗೆ ವಿರುದ್ಧವಾಗಿ ತಿರುಗಿಸಿಕೊಂಡು ಹೆಲ್ಮೆಟ್ ಹಾಕಿ. ತೆಗೆದ ಮೇಲೆ ಬೆವರು ಆರಲಿ, ಆಮೇಲೆ ಬೆರಳಿನಿಂದ ಸರಿಯಾದ ಕಡೆಗೆ ಮಗುಚಿ. ತೇವ ಇರುವಾಗಲೇ ಬಾಚಿದರೆ ಹಾಗೇ ಅಂಟುತ್ತೆ. ಮಳೆಗಾಲದ ಥಂಡಿ ಗಾಳಿಯಲ್ಲಿ ಇದೂ ಅರ್ಧದಷ್ಟೇ ಕೆಲಸ ಮಾಡುತ್ತೆ.