ಸಹಾಯ ಬೇಕು: ಮೀಥೇನ್ ಲೆಕ್ಕದಲ್ಲಿ ಉತ್ತರ ಧನಾತ್ಮಕವಾಗಿ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನವಳು. ಪಿಯುಸಿ ಓದುತ್ತಿರುವ ತಮ್ಮನಿಗೆ ಹೆಸ್ ನಿಯಮದ ಲೆಕ್ಕ ಹೇಳಿಕೊಡುತ್ತಿದ್ದೇನೆ. ಗೆಳೆಯನ ನೋಟ್‌ಬುಕ್ಕಿನ ಫೋಟೋ ತರಿಸಿಕೊಂಡಿದ್ದಾನೆ. ಅದರಲ್ಲಿರುವ ಹಂತಗಳು ಇವು (ಕಿಲೋಜೂಲ್‌ಗಳಲ್ಲಿ):

```
C(s) + O2(g) → CO2(g)             −393.5
H2(g) + ½O2(g) → H2O( )           −241.8
CH4(g) + 2O2(g) → CO2(g) + 2H2O(l)  −890.3
```

ಬೇಕಾಗಿರುವುದು C(s) + 2H2(g) → CH4(g). ಹೀಗಾಗಿ ಮೂರನೆಯದನ್ನು ತಿರುಗಿಸಿ +890.3 ಮಾಡಿದೆ. ಹೈಡ್ರೋಜನ್ ಎರಡು ಮೋಲ್ ಬೇಕಾದ್ದರಿಂದ ಎರಡನೆಯದನ್ನು ಇಮ್ಮಡಿಸಿ −483.6 ಎಂದು ತೆಗೆದುಕೊಂಡೆ. ಆಕ್ಸಿಜನ್, CO2 ಎರಡೂ ಸರಿಯಾಗಿ ಹೊಡೆದುಹೋಗುತ್ತವೆ. ಆದರೂ ಮೊತ್ತ +13.2, ಪುಸ್ತಕದಲ್ಲಿರುವ ಉತ್ತರ −74.8. ಚಿಹ್ನೆಯೇ ತಿರುವುಮುರುವು!

ವ್ಯತ್ಯಾಸ ಸರಿಯಾಗಿ 88, ಅಂದರೆ 44ರ ಎರಡರಷ್ಟು. ನನ್ನ ಅನುಮಾನವೆಲ್ಲ ಎರಡನೆಯ ಸಾಲಿನ ನೀರಿನ ಮೇಲೆ. ಫೋಟೋ ತೆಗೆದ ಪುಣ್ಯಾತ್ಮನ ಹೆಬ್ಬೆರಳಿನ ನೆರಳು ಆ ಆವರಣದ ಮೇಲೆಯೇ ಬಿದ್ದಿದೆ; ಒಳಗಿರುವುದು g ಅಕ್ಷರವೋ l ಅಕ್ಷರವೋ ಕಾಣುವುದಿಲ್ಲ.

−241.8 ಎಂಬುದು ಹಬೆಯ ಬೆಲೆಯೇ? ಹೌದಾದರೆ, H2O(g) → H2O(l), −44 ಎಂಬ ಹಂತವನ್ನೂ ಇಮ್ಮಡಿಸಿ ಸೇರಿಸಬೇಕೇ, ಅಥವಾ ಎರಡನೆಯ ಸಾಲಿನಲ್ಲಿ ನೇರವಾಗಿ −285.8 ಹಾಕಿದರೂ ನಡೆಯುತ್ತದೆಯೇ?