‘ಪಾಲಿಸಿ ಕಳೆದುಹೋಗಿದೆ’ ಅಂದರೆ ಏನರ್ಥ?

ಸವಿತಾ, ತಿಪಟೂರು

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ಬಗ್ಗೆ ಕೇಳಬೇಕಿತ್ತು.

ನಮ್ಮ ಚಿಕ್ಕಮ್ಮ ಕಳೆದ ವರ್ಷ ಒಂದು ಜೀವ ವಿಮೆ ಮಾಡಿಸಿದ್ದರು. ತಿಂಗಳಿಗೆ 2,000 ರೂಪಾಯಿ ಕಂತು. ಪ್ರತಿ ತಿಂಗಳು 8ನೇ ತಾರೀಕು ಬ್ಯಾಂಕಿನಿಂದ ತಾನಾಗಿಯೇ ಕಟ್ ಆಗುವ ಹಾಗೆ ಬರೆದುಕೊಟ್ಟಿದ್ದರು. ಒಂಬತ್ತು ಕಂತು ಹೋಗಿದೆ. ಜೂನ್ ಕಂತು ಹೋಗಲಿಲ್ಲ. 13ಕ್ಕೆ ಕನ್ನಡದಲ್ಲೇ ಒಂದು ಮೆಸೇಜ್ ಬಂತು: ‘ನಿಮ್ಮ ಸ್ವಯಂ ಪಾವತಿ ವಿಫಲವಾಗಿದೆ. ನಿಮ್ಮ ಪಾಲಿಸಿ ಕೃಪಾವಧಿಯಲ್ಲಿದೆ.’ ಏನೋ ಕೃಪೆ ತೋರಿಸಿದ್ದಾರೆ ಅಂದುಕೊಂಡು ಚಿಕ್ಕಮ್ಮ ಸುಮ್ಮನಾದರು. ತಿಂಗಳ ಕೊನೆಗೆ ಇನ್ನೊಂದು ಬಂತು: ‘ನಿಮ್ಮ ಪಾಲಿಸಿ ಕಳೆದುಹೋಗಿದೆ. ಪುನರುಜ್ಜೀವನಕ್ಕಾಗಿ ಸಂಪರ್ಕಿಸಿ.’

ಅವರು ಬೀರು ಪೂರ್ತಿ ಕೆಳಗಿಳಿಸಿ ಹುಡುಕಿದರು. ರೇಷನ್ ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಕವರಿನಲ್ಲೇ ಬಾಂಡ್ ಭದ್ರವಾಗಿತ್ತು. ‘ಇಲ್ಲೇ ಇದೆಯಲ್ಲೇ, ಕಳೆದುಹೋಗಿದೆ ಅಂದವರು ಯಾರು?’ ಅಂತ ನನಗೆ ಫೋನ್ ಮಾಡಿದರು.

ನಮ್ಮೂರಿನ ಮಹಿಳಾ ಸಂಘಕ್ಕೆ ವಿಮೆಯ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಮೆಸೇಜಿನಲ್ಲಿ ‘ಕಳೆದುಹೋಗಿದೆ’ ಅಂದದ್ದು ಇಂಗ್ಲಿಷಿನ ‘ಲ್ಯಾಪ್ಸ್’ಗೆ, ಅಂದರೆ ಕಂತು ಕಟ್ಟದೆ ವಿಮೆ ಇಲ್ಲವಾಗುವುದಕ್ಕೆ. ಅದಕ್ಕೆ ಕನ್ನಡದಲ್ಲಿ ಏನು ಹಾಕಲಿ? ‘ಕೃಪಾವಧಿ’ ಅಂದರೆ ಆ ದಿನಗಳಲ್ಲಿ ವಿಮೆ ಇರುತ್ತದೋ ಇಲ್ಲವೋ? ಪದ ನೋಡಿದರೆ ಎರಡೂ ಅನ್ನಿಸುತ್ತದೆ.

ಮಂಜುನಾಥ

ಇದರಲ್ಲಿ ಕಷ್ಟ ಏನಿದೆ? ಲ್ಯಾಪ್ಸ್ ಅಂದರೆ ರದ್ದು. ‘ನಿಮ್ಮ ಪಾಲಿಸಿ ರದ್ದಾಗಿದೆ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಕಾನೂನು ಕನ್ನಡದಲ್ಲಿ ‘ವ್ಯಪಗತ’ ಅಂತಾರೆ, ಅದನ್ನು ಮಾತ್ರ ದಯವಿಟ್ಟು ಹಾಕಬೇಡಿ. ‘ಕೃಪಾವಧಿ’ ಬದಲು ‘ಹೆಚ್ಚುವರಿ ಗಡುವು’ ಸಾಕು. ಅದು 30 ದಿನ. ಆ 30 ದಿನದೊಳಗೆ ಕಟ್ಟಿದರೆ ಆಯ್ತು.

ಬಸವರಾಜ, ಗದಗ

ಸವಿತಾ ಮೇಡಂ, ಬಾಂಡ್ ಕಳೆದಿದ್ದರೆ ಗಾಬರಿ ಬೇಡ. ನಮ್ಮ ಮಾವನವರದ್ದೂ ಕಳೆದಿತ್ತು. ಛಾಪಾ ಕಾಗದದಲ್ಲಿ ಮುಚ್ಚಳಿಕೆ ಬರೆದುಕೊಟ್ಟರೆ ನಕಲು ಬಾಂಡ್ ಕೊಡುತ್ತಾರೆ. ಹಳೆಯ ಕಂತಿನ ರಸೀದಿ ಜೊತೆಗೆ ಒಯ್ಯಿರಿ.

ಶ್ರೀಪಾದ ರಾವ್

ಬಸವರಾಜ ಅವರೇ, ಬಾಂಡ್ ಸಿಕ್ಕಿದೆ. ಕಳೆದಿರುವುದು ಬೇರೆ!

ನಾನು ವಿಮಾ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತನಾದವನು. ಮಂಜುನಾಥ ಅವರ ‘ಗಡುವು’ ಚೆನ್ನಾಗಿದೆ. ಆದರೆ 30 ದಿನ ಅನ್ನುವುದು ಮೂರು ತಿಂಗಳು, ಆರು ತಿಂಗಳು, ವರ್ಷಕ್ಕೊಮ್ಮೆ ಕಟ್ಟುವವರಿಗೆ. ತಿಂಗಳ ಕಂತಿನವರಿಗೆ 15 ದಿನ ಅಷ್ಟೇ. ಆಟೋ ಡೆಬಿಟ್ ಹಾಕಿಸುವವರಲ್ಲಿ ತಿಂಗಳ ಕಂತಿನವರೇ ಜಾಸ್ತಿ. ಹಾಗಾಗಿ ಈ ತಪ್ಪು ತಿಳಿವಳಿಕೆ ಅವರಿಗೇ ಪೆಟ್ಟು ಕೊಡುತ್ತದೆ.

ಚಿಕ್ಕಮ್ಮನವರ ಲೆಕ್ಕವನ್ನೇ ನೋಡೋಣ. ಕಂತಿನ ದಿನ ಜೂನ್ 8. ಅಲ್ಲಿಂದ 15 ದಿನ ಅಂದರೆ ಜೂನ್ 23. ಮೆಸೇಜ್ ಬಂದದ್ದು 13ಕ್ಕೆ. ಅವರು ಅಲ್ಲಿಂದ 15 ದಿನ ಎಣಿಸಿದ್ದರೆ 28 ಆಗುತ್ತಿತ್ತು, ಅದು ತಪ್ಪು. ಎಣಿಕೆ ಕಂತಿನ ದಿನದಿಂದ. ಬ್ಯಾಂಕು ವಾಪಸ್ ಕಳಿಸಿದ ದಿನದಿಂದಲೂ ಅಲ್ಲ, ಮೆಸೇಜ್ ಓದಿದ ದಿನದಿಂದಲೂ ಅಲ್ಲ. ಅವರು ಓದುವಾಗ ಉಳಿದಿದ್ದದ್ದು ಹತ್ತೇ ದಿನ.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ. ಜೀವ ವಿಮೆಯಲ್ಲಿ ಆ 15 ದಿನವೂ ವಿಮೆ ಚಾಲ್ತಿಯಲ್ಲಿರುತ್ತದೆ. ಕೆಟ್ಟ ಮಾತು ಆಡುತ್ತಿದ್ದೇನೆ, ಕ್ಷಮಿಸಿ. ಜೂನ್ 20ಕ್ಕೆ ಅವರಿಗೆ ಏನಾದರೂ ಆಗಿದ್ದರೆ ಬಾಕಿ ಕಂತು ಹಿಡಿದುಕೊಂಡು ವಿಮೆಯ ಹಣ ಮನೆಯವರಿಗೆ ಕೊಡಬೇಕಿತ್ತು. 25ಕ್ಕೆ ಆಗಿದ್ದರೆ ಆ ಹಣ ಇಲ್ಲ. ಇನ್ನೂ ವರ್ಷವೂ ತುಂಬದ ಪಾಲಿಸಿ ಅಲ್ವಾ.

‘ರದ್ದು’ ಬೇಡ ಅನ್ನುವುದೂ ಇದಕ್ಕೇ. ರದ್ದು ಅಂದರೆ ಮುಗಿಯಿತು, ಇನ್ನು ಕಚೇರಿಗೆ ಹೋಗಿ ಉಪಯೋಗವಿಲ್ಲ ಅಂತ ಜನ ತಿಳಿಯುತ್ತಾರೆ. ಲ್ಯಾಪ್ಸ್ ಆದದ್ದನ್ನು ಮತ್ತೆ ಚಾಲ್ತಿಗೆ ತರಬಹುದು. ಮೊದಲ ಬಾಕಿ ಕಂತಿನಿಂದ 5 ವರ್ಷದವರೆಗೆ ಅವಕಾಶ ಇದೆ, ಮಾರುಕಟ್ಟೆಯಲ್ಲಿ ಹಣ ಹೂಡುವ ಯುಲಿಪ್ ಪಾಲಿಸಿ ಆದರೆ 3 ವರ್ಷ. ನಮ್ಮ ಕೌಂಟರಿಗೆ ಬರುತ್ತಿದ್ದ ರೈತರು ‘ಪಾಲಿಸಿ ನಿಂತುಹೋಗಿದೆ ಸ್ವಾಮಿ’ ಅನ್ನುತ್ತಿದ್ದರು. ನಿಂತದ್ದನ್ನು ಮತ್ತೆ ನಡೆಸಬಹುದು ಅನ್ನುವುದು ಆ ಮಾತಿನಲ್ಲೇ ಇದೆ. ನನ್ನ ಓಟು ಅದಕ್ಕೆ.

ಗೀತಾ, ಮೈಸೂರು

ರಾಯರೇ, ನಿಮ್ಮ ಮಾತು ಓದಿ ಹೊಟ್ಟೆ ಉರಿಯಿತು. ನಿಮ್ಮ ಮೇಲಲ್ಲ, ಆ ‘ಕೃಪಾವಧಿ’ ಮೇಲೆ.

ನಮ್ಮ ತಂದೆಯವರದ್ದು ಆರೋಗ್ಯ ವಿಮೆ. ವರ್ಷಕ್ಕೊಮ್ಮೆ ಕಟ್ಟುವುದು, ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಾರ್ಡಿನಿಂದ ತಾನಾಗಿಯೇ ನವೀಕರಣ ಆಗುವ ಹಾಗೆ ಇಟ್ಟಿದ್ದೆವು. ಕಾರ್ಡ್ ಅವಧಿ ಮುಗಿದು ಹೊಸದು ಬಂದಿತ್ತು. ಹೊಸ ಕಾರ್ಡನ್ನು ಅಲ್ಲಿ ಸೇರಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹಣ ಹೋಗಲಿಲ್ಲ. ಅವರ ಪತ್ರದಲ್ಲೂ ಇದೇ ಪದ ಇತ್ತು, 30 ದಿನ ಅಂತಲೂ ಇತ್ತು. ಏಪ್ರಿಲ್ 9ಕ್ಕೆ ತಂದೆಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದೆವು. 14ಕ್ಕೆ ಪ್ರೀಮಿಯಂ ಕಟ್ಟಿದೆವು, ಅವರು ತೆಗೆದುಕೊಂಡರು. ಆಮೇಲೆ ಕ್ಲೇಮ್ ತಿರಸ್ಕಾರ. ಏಪ್ರಿಲ್ 1ರಿಂದ 13ರವರೆಗೆ ವಿಮೆ ಇರಲೇ ಇಲ್ಲವಂತೆ! ಹಾಗಾದರೆ ಅದು ಯಾವ ಸೀಮೆಯ ಕೃಪೆ?

ಶ್ರೀಪಾದ ರಾವ್

ಗೀತಾ ಅವರೇ, ನಿಮಗಾದದ್ದು ಬೇಸರದ ವಿಷಯ. ಆದರೆ ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ವರ್ಷದ ಕಂತಿನ ಆರೋಗ್ಯ ವಿಮೆಯಲ್ಲಿ ಆ 30 ದಿನ ಬಾಗಿಲು ತೆರೆದಿರುತ್ತದೆ, ಒಳಗೆ ಊಟ ಇರುವುದಿಲ್ಲ. ಅಷ್ಟರೊಳಗೆ ಕಟ್ಟಿದರೆ ಹಳೆಯ ಪಾಲಿಸಿಯೇ ಮುಂದುವರಿಯುತ್ತದೆ. ಮೊದಲೇ ಇದ್ದ ಕಾಯಿಲೆಗೆ ಇಷ್ಟು ವರ್ಷ ಕಾಯಬೇಕು ಅಂತ ಇರುತ್ತದಲ್ಲ, ನೀವು ಆಗಲೇ ಕಾದ ವರ್ಷಗಳು ಹಾಳಾಗುವುದಿಲ್ಲ. ಲಾಭ ಅಷ್ಟೇ. ಹಣ ಕಟ್ಟದ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಖರ್ಚು ನಿಮ್ಮದೇ.

ಅದೇ ಆರೋಗ್ಯ ವಿಮೆಯನ್ನು ಕಂತುಗಳಲ್ಲಿ ಕಟ್ಟುತ್ತಿದ್ದರೆ ಲೆಕ್ಕ ಬೇರೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ, ಪಾಲಿಸಿ ವರ್ಷದ ನಡುವೆ ಒಂದು ಕಂತು ತಪ್ಪಿದರೆ ಆ ಹೆಚ್ಚಿನ ದಿನಗಳಲ್ಲೂ ವಿಮೆ ಇರುತ್ತದೆ. ಗಾಡಿ ವಿಮೆಗಂತೂ ಇಂಥ ದಿನಗಳೇ ಇಲ್ಲ. ಮಧ್ಯರಾತ್ರಿ ಮುಗಿದರೆ ಮುಗಿಯಿತು. ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ ಮಾತ್ರ 90 ದಿನ ಉಳಿಯುತ್ತದೆ. ಅದನ್ನು ನೋಡಿಕೊಂಡು ‘ಗಾಡಿಗೆ 90 ದಿನ ಗ್ರೇಸ್’ ಅನ್ನುವವರು ಇದ್ದಾರೆ, ನಂಬಬೇಡಿ.

ಸವಿತಾ

ಅಂದರೆ ಒಂದೇ ಪದ, ಒಂದು ಕಡೆ ವಿಮೆ ಉಂಟು, ಇನ್ನೊಂದು ಕಡೆ ಇಲ್ಲ. ‘ಕಾಯುವ ಅವಧಿ’ ಅಂತ ಹಾಕಲೇ? ಕಂಪನಿ ನಮಗಾಗಿ ಕಾಯುತ್ತದೆ ಅನ್ನುವ ಅರ್ಥದಲ್ಲಿ.

ಗೀತಾ

ಖಂಡಿತ ಬೇಡ! ಕಾಯಿಲೆಗೆ ಕಾಯುವ ವರ್ಷಗಳಿಗೆ ಆಗಲೇ ಆ ಹೆಸರಿದೆ. ನಮ್ಮ ಪಾಲಿಸಿ ಪುಸ್ತಕದಲ್ಲೇ ಇದೆ. ಎರಡೂ ಸೇರಿದರೆ ದೇವರೇ ಗತಿ.

ರಮೇಶ್, ಮಂಗಳೂರು

ನಾನು ಬ್ಯಾಂಕಿನವನು. ‘ಸ್ವಯಂ ಪಾವತಿ ವಿಫಲ’ ಅನ್ನುವುದರ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಕೆಟ್ಟ ವಾಕ್ಯ. ಯಾಕೆ ವಿಫಲ ಅಂತ ಅದು ಹೇಳುವುದಿಲ್ಲ. ಕಾರಣ ಗೊತ್ತಿಲ್ಲದೆ ಈ ತಿಂಗಳ ಕಂತನ್ನು ಕೈಯಲ್ಲಿ ಕಟ್ಟಿದರೆ ಮುಂದಿನ ತಿಂಗಳು ಮತ್ತೆ ಅದೇ ಕತೆ.

ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. 8ರ ಆಸುಪಾಸಿನಲ್ಲಿ ಕಂತಿನ ಬದಲು ವಾಪಸಾತಿ ಶುಲ್ಕ ಬಿದ್ದಿದ್ದರೆ, ವಿಮಾ ಕಂಪನಿಯಿಂದ ಹಣದ ಕೇಳಿಕೆ ಬ್ಯಾಂಕಿಗೆ ಬಂದಿತ್ತು, ಹೆಚ್ಚಾಗಿ ಖಾತೆಯಲ್ಲಿ ಹಣ ಸಾಲಲಿಲ್ಲ ಅಂತ ಅರ್ಥ. ಪಿಂಚಣಿ 10ಕ್ಕೆ ಬರುವವರು 8ಕ್ಕೆ ಕಂತು ಇಟ್ಟುಕೊಂಡರೆ ಹೀಗೇ ಆಗುತ್ತದೆ. ವಿಮಾ ಕಂಪನಿ ಎರಡನೇ ಸಲ ಕೇಳಿಕೆ ಕಳಿಸಬಹುದು, ಕಳಿಸದೆಯೂ ಇರಬಹುದು. ಅದನ್ನು ನಂಬಿ ಕೂರಬೇಡಿ. ಆ ದಿನಗಳಲ್ಲಿ ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲದಿದ್ದರೆ ಕೇಳಿಕೆಯೇ ಬಂದಿಲ್ಲದಿರಬಹುದು. ಆಗ ನೀವು ಬರೆದುಕೊಟ್ಟ ಮ್ಯಾಂಡೇಟ್ ಈಗಲೂ ಇದೆಯಾ, ಅದರ ಕೊನೆಯ ದಿನ ಮುಗಿದಿದೆಯಾ, ಅದರಲ್ಲಿ ಬರೆದ ಗರಿಷ್ಠ ಮೊತ್ತಕ್ಕಿಂತ ಕಂತು ಜಾಸ್ತಿಯಾಗಿದೆಯಾ ಅಂತ ವಿಚಾರಿಸಬೇಕು.

ನಮ್ಮ ಕರಾವಳಿಯವರಿಗೆ ಇನ್ನೊಂದು ಪೆಟ್ಟೂ ಬಿದ್ದಿತ್ತು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದ ಮೇಲೆ, ಹಳೆಯ ವಿವರಗಳಲ್ಲಿದ್ದ ಮ್ಯಾಂಡೇಟುಗಳ ಬಗ್ಗೆ ವಿಚಾರಿಸಲು ಕೌಂಟರಿಗೆ ಬಂದವರು ಒಬ್ಬಿಬ್ಬರಲ್ಲ.

‘ವಿಫಲ’ ಬಿಟ್ಟು ‘ಕಂತಿನ ಹಣ ನಿಮ್ಮ ಖಾತೆಯಿಂದ ಬಂದಿಲ್ಲ’ ಅಂತ ಬರೆಯಿರಿ. ಕೆಳಗೆ ಕಾರಣ ಒಂದು ಸಾಲು.

ಮಂಜುನಾಥ

ರಾಯರು ಹೇಳಿದ ಮೇಲೆ ‘ರದ್ದು’ ಬಿಟ್ಟುಕೊಡುತ್ತೇನೆ. ಆದರೆ ‘ನಿಂತುಹೋಗಿದೆ’ ಕೂಡ ಪೂರ್ತಿ ಸರಿ ಅಲ್ಲ ಅನ್ನಿಸುತ್ತದೆ. ನಮ್ಮಣ್ಣನದು 20 ವರ್ಷದ ಪಾಲಿಸಿ, ಎಂಟು ವರ್ಷ ಕಟ್ಟಿ ಬಿಟ್ಟ. ಕಚೇರಿಯಲ್ಲಿ ಕೇಳಿದರೆ ‘ಲ್ಯಾಪ್ಸ್ ಅಲ್ಲ, ಪೇಯ್ಡ್ ಅಪ್’ ಅಂದರಂತೆ. ಕಂತು ನಿಂತಿದೆ, ಪಾಲಿಸಿ ಪೂರ್ತಿ ನಿಂತಿಲ್ಲ.

ಶ್ರೀಪಾದ ರಾವ್

ಒಳ್ಳೆಯ ಮಾತು ಎತ್ತಿದಿರಿ. ಉಳಿತಾಯದ ಪಾಲಿಸಿಗಳಲ್ಲಿ ಕೆಲವು ವರ್ಷದ ಕಂತು ಪೂರ್ತಿ ಹೋಗಿದ್ದರೆ, ಆಮೇಲೆ ಬಿಟ್ಟರೂ ಪಾಲಿಸಿ ಸಣ್ಣದಾಗಿ ಉಳಿಯುತ್ತದೆ. ಅಣ್ಣನವರದ್ದು 240 ಕಂತಿನಲ್ಲಿ 96 ಹೋಗಿದೆ ಅಂತ ಇಟ್ಟುಕೊಳ್ಳಿ. ವಿಮೆ 5 ಲಕ್ಷದ್ದಾಗಿದ್ದರೆ ಅದು 2 ಲಕ್ಷಕ್ಕೆ ಇಳಿದು ಹಾಗೇ ಇರುತ್ತದೆ. ಉಳಿತಾಯವಿಲ್ಲದೆ ಸಾವಿಗೆ ಮಾತ್ರ ಹಣ ಕೊಡುವ ಟರ್ಮ್ ಪಾಲಿಸಿಯಲ್ಲಿ ಹೀಗೆ ಉಳಿಯುವುದಿಲ್ಲ. ಇದಕ್ಕೆ ಜನರ ಬಾಯಲ್ಲಿ ಕನ್ನಡದ ಮಾತು ಕೇಳಿದ್ದು ನನಗೆ ನೆನಪಿಲ್ಲ. ‘ಇಳಿದ ಪಾಲಿಸಿ’ ಅಂದರೆ ಹೇಗೆ?

ಗೀತಾ

ಇಳಿದ ಪಾಲಿಸಿ ಅಂದರೆ ಬಸ್ಸಿನಿಂದ ಇಳಿದ ಹಾಗೆ ಕೇಳುತ್ತೆ ರಾಯರೇ.

ಸವಿತಾ

ನಗು ಬಂತು. ಎಲ್ಲರಿಗೂ ಥ್ಯಾಂಕ್ಸ್. ಕರಪತ್ರದಲ್ಲಿ ‘ಕೃಪಾವಧಿ’ ತೆಗೆದೇ ಬಿಟ್ಟೆ. ಜೀವ ವಿಮೆಗೆ ಹೀಗೆ ಬರೆದಿದ್ದೇನೆ: ‘ಜೂನ್ 8ರ ಕಂತು ನಿಮ್ಮ ಖಾತೆಯಿಂದ ಬಂದಿಲ್ಲ. 23ರೊಳಗೆ ಕಟ್ಟಿ. ಅಲ್ಲಿಯವರೆಗೆ ವಿಮೆ ಇರುತ್ತದೆ. ಆಮೇಲೆ ನಿಂತುಹೋಗುತ್ತದೆ.’ ವರ್ಷದ ಆರೋಗ್ಯ ವಿಮೆಗೆ: ‘ಏಪ್ರಿಲ್ 30ರವರೆಗೆ ನವೀಕರಿಸಬಹುದು. ಆದರೆ ಹಣ ಕಟ್ಟುವ ದಿನದವರೆಗೆ ವಿಮೆ ಇರುವುದಿಲ್ಲ.’ ತಾರೀಕು ಹಾಕಿದರೆ ಪದವೇ ಬೇಕಾಗಲಿಲ್ಲ. ‘ಪೇಯ್ಡ್ ಅಪ್’ ಹಾಗೇ ಇರಲಿ.

ಚಿಕ್ಕಮ್ಮನ ಪಾಲಿಸಿ ಮತ್ತೆ ಚಾಲ್ತಿಗೆ ತರಲು ಫಾರಂ ಕೊಟ್ಟಿದ್ದಾರೆ. ಬಾಕಿ ಕಂತು, ಬಡ್ಡಿ, ಜೊತೆಗೆ ಆರೋಗ್ಯ ಚೆನ್ನಾಗಿದೆ ಅನ್ನುವ ಘೋಷಣೆ. ಅವರಿಗೆ ಮೂರು ತಿಂಗಳ ಹಿಂದೆ ಶುಗರ್ ಬಂದಿದೆ. ‘ಅದನ್ನು ಬರೆಯಬೇಕಾಗಿಲ್ಲ’ ಅಂತ ಏಜೆಂಟ್ ಹೇಳುತ್ತಿದ್ದಾರೆ.

ಶ್ರೀಪಾದ ರಾವ್

ಬರೆಯಲೇಬೇಕು. ಮೂರು ವರ್ಷ ಕಳೆದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವ ಹಾಗಿಲ್ಲ ಅಂತ ವಿಮಾ ಕಾಯ್ದೆಯ 45ನೇ ಕಲಂ ಹೇಳುತ್ತದೆ. ಆದರೆ ಪಾಲಿಸಿ ಮತ್ತೆ ಚಾಲ್ತಿಗೆ ಬಂದರೆ ಆ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಶುಗರ್ ಮುಚ್ಚಿಟ್ಟು ಸಹಿ ಹಾಕಿದರೆ ಕ್ಲೇಮ್ ಹೊತ್ತಿಗೆ ಅದೇ ಕಾಗದ ತೆಗೆದು ತೋರಿಸುತ್ತಾರೆ. ಬರೆದರೆ ವೈದ್ಯಕೀಯ ಪರೀಕ್ಷೆ ಕೇಳಬಹುದು, ಕಂತು ಸ್ವಲ್ಪ ಏರಿಸಬಹುದು, ಒಪ್ಪದೆಯೂ ಇರಬಹುದು. ಫಾರಂನ ಜೆರಾಕ್ಸ್ ಒಂದು ಇಟ್ಟುಕೊಳ್ಳಿ. ಕಂತಿನ ದಿನವನ್ನು ಖಾತೆಗೆ ಹಣ ಬರುವ ದಿನದ ಆಚೆಗೆ ಹಾಕಿಕೊಡುತ್ತಾರಾ ಅಂತಲೂ ಕೇಳಿ.