ಏಳು ಪುಟದ ಲ್ಯಾಬ್ ಮ್ಯಾನುವಲ್, ಒಂದು ಹಾಳೆಯ ಚೆಕ್‌ಲಿಸ್ಟ್

ಲ್ಯಾಬ್ ಸಹಾಯಕಿ, ಉಡುಪಿ: ನೀರಿನ ಗಡಸುತನದ ಪ್ರಯೋಗ ನಮ್ಮ ಮ್ಯಾನುವಲ್‌ನಲ್ಲಿ ಏಳು ಪುಟ ಉಂಟು. ಮಕ್ಕಳು ಓದುವುದೇ ಇಲ್ಲ. ಸಾಮಾನು, ಎಚ್ಚರಿಕೆ ಮೊದಲು, ಆಮೇಲೆ ಹಂತಗಳು ಅಂತ ಒಂದೇ ಹಾಳೆಗೆ ತರುವುದು ಹೇಗೆ?

ಬಿಎಸ್ಸಿ ವಿದ್ಯಾರ್ಥಿ: ಸುಲಭ ಮೇಡಂ. ‘ಹಾಕಿ’, ‘ಅಲ್ಲಾಡಿಸಿ’ ಅಂತ ಇರುವ ವಾಕ್ಯ ಎಲ್ಲ ಹೆಕ್ಕಿ ನಂಬರ್ ಕೊಟ್ರೆ ಆಯ್ತು.

ನಿವೃತ್ತ ಉಪನ್ಯಾಸಕ, ಮಂಗಳೂರು: ಹೆಕ್ಕುವುದು ಸರಿ ಮಾರಾಯ, ಆದರೆ ಮ್ಯಾನುವಲ್‌ನ ಕ್ರಮದಲ್ಲೇ ನಂಬರ್ ಹಾಕಿದರೆ ಕೆಡ್ತದೆ. ಮೇಡಂ, ಮೊದಲು ಕೊನೆಯ ಪುಟದ ‘ಸೂಚನೆಗಳು’ ಓದಿ. ಬಫರ್ ಹಾಕಿದ 5 ನಿಮಿಷದೊಳಗೆ ಟೈಟ್ರೇಷನ್ ಮುಗಿಸಬೇಕು ಅನ್ನುವ ಮಾತು ಹೆಚ್ಚಾಗಿ ಅಲ್ಲೇ ಅಡಗಿರ್ತದೆ. ಪಿಎಚ್ 10ರಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕಿಳಿಯಲು ಶುರುವಾಗ್ತದೆ, ನೀಲಿಯಾದದ್ದು ಮತ್ತೆ ಕೆಂಪಿಗೆ ತಿರುಗ್ತದೆ. ಹಾಗಾಗಿ ಬ್ಯುರೆಟ್ ತೊಳೆದು 0.01 ಮೋಲಾರ್ ಇಡಿಟಿಎ ತುಂಬುವುದು, ತುದಿಯ ಗುಳ್ಳೆ ಬಿಡಿಸುವುದು, ಮೊದಲ ರೀಡಿಂಗ್ ಬರೆಯುವುದು, ಇಷ್ಟೂ ಬಫರ್‌ಗಿಂತ ಮೇಲೆ ಬರಬೇಕು. ಆಮೇಲೆ 50 ಮಿ.ಲೀ. ನೀರು, 1 ಮಿ.ಲೀ. ಬಫರ್, ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ. ನೇರಳೆ ಕಂಡಾಗ ಹನಿಹನಿಯಾಗಿ ಬಿಡಿ, ಕೆಂಪಿನ ಛಾಯೆ ಪೂರ್ತಿ ಹೋದಾಗ ನಿಲ್ಲಿಸಿ.

ಸಾಮಾನಿನ ಪಟ್ಟಿಯನ್ನು ಮಾತ್ರ ಕೊನೆಗೆ ಬರೆದು ಮೇಲೆ ಅಂಟಿಸಿ. ಒಂದೊಂದು ಹಂತ ಓದುತ್ತಾ ಕೈಗೆ ಎಂತ ಬೇಕು ಅಂತ ಗುರುತು ಹಾಕಿಕೊಂಡು ಹೋಗಿ. ಪಿಪೆಟ್ ಬಲ್ಬ್, ಬಿಳಿ ಟೈಲ್ ಮ್ಯಾನುವಲ್‌ನ ಪಟ್ಟಿಯಲ್ಲಿ ಇರುವುದು ಕಡಿಮೆ.

ಲ್ಯಾಬ್ ಸಹಾಯಕಿ: ಎಚ್ಚರಿಕೆಯೇ ಎರಡು ಪುಟ ಉಂಟಲ್ಲ ಸರ್?

ನಿವೃತ್ತ ಉಪನ್ಯಾಸಕ: ಅದರಲ್ಲಿ ಸಾಂದ್ರ ಅಮೋನಿಯಾದ್ದು ಬಫರ್ ತಯಾರಿಸುವವರಿಗೆ, ಅಂದ್ರೆ ನಿಮಗೆ. ಫ್ಯೂಮ್ ಹುಡ್‌ನೊಳಗೆ ಮಾಡುವ ಆ ಕೆಲಸಕ್ಕೆ ಬೇರೆಯೇ ಹಾಳೆ ಮಾಡಿ. ಮಕ್ಕಳಿಗೆ ಮೂರು ಸಾಲು ಸಾಕು: ಕನ್ನಡಕ ಹಾಕಿ, ಬಾಯಲ್ಲಿ ಪಿಪೆಟ್ ಎಳೆಯಬೇಡಿ, ಬಫರ್ ಬಾಟಲಿ ಮೂಸಬೇಡಿ, ಕೂಡಲೇ ಮುಚ್ಚಿ. ಮುಚ್ಚುವ ಮಾತನ್ನು ಬಫರ್ ಹಂತದಲ್ಲೂ ಇನ್ನೊಮ್ಮೆ ಬರೆಯಿರಿ. ಅಮೋನಿಯಾ ಹಾರಿಹೋದರೆ ಪಿಎಚ್ ಇಳಿದು ಬಣ್ಣ ಎಳೆದಾಡ್ತದೆ, ಮಕ್ಕಳು ಇಡಿಟಿಎ ಸುರಿಯುತ್ತಲೇ ಇರ್ತಾರೆ.

ಗೃಹಿಣಿ, ಮಲ್ಪೆ: ನಮ್ಮ ಬಾವಿ ನೀರಲ್ಲಿ ಸೋಪು ನೊರೆಯೇ ಬರುವುದಿಲ್ಲ. ಇದನ್ನು ಮನೆಯಲ್ಲಿ ಮಾಡ್ಲಿಕ್ಕೆ ಆಗ್ತದಾ?

ನಿವೃತ್ತ ಉಪನ್ಯಾಸಕ: ಬೇಡಮ್ಮ, ಬಾಟಲಿಯಲ್ಲಿ ನೀರು ಹಿಡಿದು ನೀರು ಪರೀಕ್ಷೆಯ ಲ್ಯಾಬ್‌ಗೆ ಕೊಡಿ. ಸಮುದ್ರದ ಹತ್ತಿರ ಅಲ್ವಾ, ಉಪ್ಪಿನಂಶವನ್ನೂ ನೋಡಲು ಹೇಳಿ.

ಲ್ಯಾಬ್ ಸಹಾಯಕಿ: ಲೆಕ್ಕವನ್ನೂ ಹಾಳೆಯಲ್ಲಿ ಕೊಡುವುದಾ?

ನಿವೃತ್ತ ಉಪನ್ಯಾಸಕ: ಕೊಡಿ. 50 ಮಿ.ಲೀ. ನೀರಾದರೆ ಖರ್ಚಾದ ಇಡಿಟಿಎಯನ್ನು 20ರಿಂದ ಗುಣಿಸಿದರಾಯ್ತು. 6.2 ಮಿ.ಲೀ. ಹೋದರೆ ಲೀಟರಿಗೆ 124 ಮಿ.ಗ್ರಾಂ.

ಬಿಎಸ್ಸಿ ವಿದ್ಯಾರ್ಥಿ: ಹಾಗೆ ಕೊಟ್ರೆ 20 ಎಲ್ಲಿಂದ ಬಂತು ಅಂತ ವೈವಾದಲ್ಲಿ ಯಾರಿಗೂ ಹೇಳ್ಲಿಕ್ಕೆ ಬರುವುದಿಲ್ಲ ಸರ್.

ನಿವೃತ್ತ ಉಪನ್ಯಾಸಕ: ಅದೂ ಹೌದು. ಅದು ನಿಮ್ಮ ಮೇಷ್ಟ್ರಿಗೆ ಬಿಟ್ಟದ್ದು. ಮೇಡಂ, ಪ್ರಿಂಟ್ ಹಾಕುವ ಮೊದಲು ಪ್ರಯೋಗ ಮಾಡದ ಒಬ್ಬನ ಕೈಗೆ ಹಾಳೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ನಿಲ್ಲಿ. ಅವನು ನಿಮ್ಮ ಮುಖ ನೋಡಿದ ಕಡೆ ಒಂದು ಸಾಲು ಬಿಟ್ಟುಹೋಗಿದೆ ಅಂತ ಲೆಕ್ಕ.